ಐದು ಘಟಕ, ಐದು ಜನ, ನಲವತ್ತು ಚೀಟಿ

ಐದು ಜನ ಸೇರಿ ಓದಲು ಕೂತರೆ ಎಲ್ಲರಿಗೂ ಮೊದಲು ಹೊಳೆಯುವುದು ಒಂದೇ ಉಪಾಯ. ಐದು ಘಟಕ ಇವೆ, ಒಬ್ಬೊಬ್ಬರು ಒಂದೊಂದು ಓದಿಕೊಂಡು ಬಂದು ಉಳಿದವರಿಗೆ ಹೇಳೋಣ. ಕೊಪ್ಪಳದಲ್ಲಿ ಡಿಗ್ರಿ ಓದುವಾಗ ಸಂವಿಧಾನದ ಪೇಪರಿಗೆ ನಾವೂ ಹೀಗೇ ಶುರು ಮಾಡಿದೆವು. ಎರಡು ಭಾನುವಾರ ನಡೆಯಿತು. ಒಬ್ಬರು ಹೇಳುತ್ತಿದ್ದರು, ನಾಲ್ವರು ತಲೆಯಾಡಿಸುತ್ತಿದ್ದೆವು. ಮೂರನೇ ಭಾನುವಾರ ಒಬ್ಬ ಸುಮ್ನೆ ಕೇಳಿದ: ಮನಿ ಬಿಲ್ಲನ್ನು ರಾಜ್ಯಸಭೆ ಎಷ್ಟು ದಿನ ಇಟ್ಟುಕೊಳ್ಳಬಹುದು? ಹಿಂದಿನ ವಾರ ಅದನ್ನು ಹೇಳಿಕೊಟ್ಟವಳು ತಟ್ಟನೆ 14 ದಿನ ಎಂದಳು. ಕೇಳಿಸಿಕೊಂಡಿದ್ದ ನಾಲ್ವರಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

ಅಂದರೆ ಹೇಳಿದವರು ಕಲಿತಿದ್ದರು, ಕೇಳಿದವರು ಕಲಿತಿರಲಿಲ್ಲ. ಅವತ್ತಿನಿಂದ ಹೇಳುವುದನ್ನು ಬಿಟ್ಟು, ಪ್ರತಿಯೊಬ್ಬರೂ ತಮ್ಮ ಘಟಕದಿಂದ ಪ್ರಶ್ನೆ ಬರೆದುಕೊಂಡು ಬರುವುದು ಎಂದು ತೀರ್ಮಾನ ಮಾಡಿದೆವು. ಅದರಲ್ಲೂ ಅದೇ ತೂತು ಇತ್ತು. ಪ್ರಶ್ನೆ ಬರೆದವರು ಘಟಕವನ್ನು ಹತ್ತು ಸಲ ತಿರುವಿರುತ್ತಾರೆ. ಉಳಿದವರು ಆಪ್ಷನ್ ನೋಡಿ ಟಿಕ್ ಹಾಕಿ ಮುಗಿಸುತ್ತಾರೆ. ಬರೆದವರ ತಲೆಯಲ್ಲಿರುವುದು ಉಳಿದ ನಾಲ್ವರ ತಲೆಗೆ ದಾಟಬೇಕಾದರೆ ಏನು ಮಾಡಬೇಕು ಎಂಬುದೇ ಇಲ್ಲಿರುವ ವಿಷಯ.

ನಮ್ಮ ಪೇಪರಿನ ಘಟಕಗಳು ಹೀಗಿದ್ದವು. ಒಂದನೆಯದು ಸಂವಿಧಾನ ರಚನೆ ಮತ್ತು ಪೀಠಿಕೆ. ಎರಡನೆಯದು ಮೂಲಭೂತ ಹಕ್ಕು, ಕರ್ತವ್ಯ, ನಿರ್ದೇಶಕ ತತ್ವ. ಮೂರನೆಯದು ಕೇಂದ್ರ ಸರ್ಕಾರ ಮತ್ತು ತುರ್ತು ಪರಿಸ್ಥಿತಿ. ನಾಲ್ಕನೆಯದು ರಾಜ್ಯ ಸರ್ಕಾರ ಮತ್ತು ನ್ಯಾಯಾಂಗ. ಐದನೆಯದು ಪಂಚಾಯತಿ, ಚುನಾವಣಾ ಆಯೋಗ ಮತ್ತು ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371ಜೆ ವಿಧಿ. ಕೆಲವೇ ದಿನಗಳಲ್ಲಿ ಹೆಸರು ಹೋಗಿ ನಂಬರೇ ಉಳಿಯಿತು. ‘ಏ ಮೂರನೇ ಘಟಕ, ಚಾ ತಗೊಂಬಾರಲೇ’ ಎನ್ನುವವರೆಗೂ ಹೋಯಿತು. ನಾನು ಐದನೇ ಘಟಕ.

ಒಬ್ಬೊಬ್ಬರಿಗೆ ವಾರಕ್ಕೆ ಎಂಟು ಪ್ರಶ್ನೆ. ಮೊದಲ ವಾರ ಹುರುಪಿನಲ್ಲಿ ಇಪ್ಪತ್ತಿಪ್ಪತ್ತು ಬರೆದಿದ್ದೆವು, ಎರಡು ಗಂಟೆಯಲ್ಲಿ ಅರ್ಧವೂ ಮುಗಿಯಲಿಲ್ಲ. ಮುಗಿದವುಗಳ ಬಗ್ಗೆ ಮಾತಾಡುವುದಕ್ಕೂ ಹೊತ್ತು ಸಿಗಲಿಲ್ಲ. ಎಂಟು ಪ್ರಶ್ನೆ ಅಂದರೆ ಐದು ಜನರಿಂದ ನಲವತ್ತು. ನೋಟ್‌ಬುಕ್ಕಿನ ಹಾಳೆಯನ್ನು ನಾಲ್ಕು ತುಂಡು ಮಾಡಿ, ಒಂದು ತುಂಡಿಗೆ ಒಂದು ಪ್ರಶ್ನೆ. ಮುಂಭಾಗದಲ್ಲಿ ಪ್ರಶ್ನೆ ಮತ್ತು ನಾಲ್ಕು ಆಪ್ಷನ್. ಹಿಂಭಾಗದಲ್ಲಿ ಸರಿ ಉತ್ತರ, ಅದು ಪಠ್ಯಪುಸ್ತಕದ ಯಾವ ಪುಟದಲ್ಲಿದೆ ಎಂಬುದು, ಜೊತೆಗೆ ಪ್ರತಿಯೊಂದು ತಪ್ಪು ಆಪ್ಷನ್ ಎಲ್ಲಿಂದ ಬಂತು ಎಂಬುದು.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ಯೋಜನೆ ನಿಂತಿರುವುದೇ ಅದರ ಮೇಲೆ.

ಮೂರನೇ ಘಟಕದವಳು ಮೊದಲ ವಾರ ಬರೆದ ಒಂದು ಪ್ರಶ್ನೆ ಇದು: ರಾಷ್ಟ್ರಪತಿ ಆಳ್ವಿಕೆ ಘೋಷಣೆಯಾದ ಮೇಲೆ ಎಷ್ಟು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಸಿಗಬೇಕು? ಆಪ್ಷನ್‌ಗಳು ಎರಡು, ಮೂರು, ನಾಲ್ಕು, ಐದು. ಸರಿ ಉತ್ತರ ಎರಡು. ನಾಲ್ವರಲ್ಲಿ ಇಬ್ಬರು ತಪ್ಪು ಹೇಳಿದರು, ಒಬ್ಬ ಮೂರು ಎಂದ, ಇನ್ನೊಬ್ಬಳು ನಾಲ್ಕು ಎಂದಳು. ಯಾಕೆ ಮೂರು ಎಂದರೆ, ‘ಹಂಗೇ ಅನ್ನಿಸ್ತು’ ಎಂದ. ಆ ತಪ್ಪಿನಿಂದ ನಮಗೇನೂ ತಿಳಿಯಲಿಲ್ಲ. ಅವನಿಗೆ ಗೊತ್ತಿಲ್ಲ ಎಂಬುದಷ್ಟೇ ಗೊತ್ತಾಯಿತು.

ಮುಂದಿನ ವಾರ ಅದೇ ಪ್ರಶ್ನೆಗೆ ಅವಳು ಬೇರೆ ಆಪ್ಷನ್ ಕೊಟ್ಟಳು. ಒಂದು ತಿಂಗಳು, ಎರಡು ತಿಂಗಳು, ಆರು ತಿಂಗಳು, ಮೂರು ವರ್ಷ. ಈಗ ನೋಡಿ, ಇವುಗಳಲ್ಲಿ ಯಾವುದೂ ಸುಮ್ಮನೆ ಹಾಕಿದ ಅಂಕಿ ಅಲ್ಲ. ಒಂದು ತಿಂಗಳು 352ನೇ ವಿಧಿಯದು, ಅಂದರೆ ರಾಷ್ಟ್ರೀಯ ತುರ್ತು ಪರಿಸ್ಥಿತಿಗೆ ಒಪ್ಪಿಗೆ ಪಡೆಯಲು ಇರುವ ಗಡುವು. ಆರು ತಿಂಗಳು, ಒಮ್ಮೆ ಒಪ್ಪಿಗೆ ಸಿಕ್ಕರೆ ರಾಷ್ಟ್ರಪತಿ ಆಳ್ವಿಕೆ ನಡೆಯುವ ಅವಧಿ. ಮೂರು ವರ್ಷ, ಮತ್ತೆ ಮತ್ತೆ ಒಪ್ಪಿಗೆ ಪಡೆದರೂ ಅದನ್ನು ಮುಂದುವರಿಸಲು ಇರುವ ಕೊನೆಯ ಮಿತಿ. ಮೂರೂ ತಪ್ಪು ಉತ್ತರಗಳು ಪಕ್ಕದ ಮನೆಯವೇ. ಈ ಸಲ ಒಂದನೇ ಘಟಕದವನು ‘ಒಂದು ತಿಂಗಳು’ ಎಂದ. ಅವನು 352ನ್ನೂ ರಾಷ್ಟ್ರಪತಿ ಆಳ್ವಿಕೆಯ 356ನ್ನೂ ಕಲಸಿಕೊಂಡಿದ್ದಾನೆ ಎಂಬುದು ಅಲ್ಲೇ ಕಂಡಿತು. ನಾಲ್ಕನೇ ಘಟಕದವಳು ‘ಆರು ತಿಂಗಳು’ ಎಂದಳು. ಅವಳಿಗೆ ಒಪ್ಪಿಗೆಯ ಗಡುವು ಬೇರೆ, ಒಪ್ಪಿಗೆಯ ಆಯಸ್ಸು ಬೇರೆ ಎಂಬುದು ಗೊತ್ತಿರಲಿಲ್ಲ. ಇಬ್ಬರ ರೋಗವೂ ಬೇರೆ, ಮದ್ದೂ ಬೇರೆ.

ಒಂದನೇ ಘಟಕದವನ ಗೊಂದಲಕ್ಕೆ ಕಾರಣ ಹುಡುಕಿದಾಗ ಇನ್ನೊಂದು ಸಿಕ್ಕಿತು. 352ಕ್ಕೂ ಮೊದಲು ಎರಡು ತಿಂಗಳ ಗಡುವೇ ಇತ್ತು. ಅದನ್ನು ಒಂದು ತಿಂಗಳಿಗೆ ಇಳಿಸಿದ್ದು 1978ರ 44ನೇ ತಿದ್ದುಪಡಿ. ಹಿಂದಿನ ತುರ್ತು ಪರಿಸ್ಥಿತಿಯ ಅನುಭವದಿಂದ ಆ ವಿಧಿಯ ಗಡುವನ್ನು ಬಿಗಿ ಮಾಡಿದರು, 356ರ ಗಡುವನ್ನು ಎರಡು ತಿಂಗಳಲ್ಲೇ ಬಿಟ್ಟರು. ಇಷ್ಟು ತಿಳಿದ ಮೇಲೆ ಅವನು ಅದನ್ನು ಮತ್ತೆ ತಪ್ಪಲಿಲ್ಲ.

ಹಾಗಾದರೆ ಪ್ರಶ್ನೆ ಬರೆಯುವವರ ನಿಜವಾದ ಕೆಲಸ ಸರಿ ಉತ್ತರ ಹುಡುಕುವುದಲ್ಲ, ಮೂರು ತಪ್ಪು ಉತ್ತರ ಹುಡುಕುವುದು. ಒಂದು ತಪ್ಪು ಆಪ್ಷನ್ನಿಗೆ ಚೀಟಿಯ ಹಿಂದೆ ‘ಇದು ಇಂಥ ವಿಧಿಯದು’ ಅಥವಾ ‘ಇದು ಇಂಥ ಗೊಂದಲದಿಂದ ಬರುತ್ತದೆ’ ಎಂದು ಬರೆಯಲು ಆಗದಿದ್ದರೆ ಆ ಆಪ್ಷನ್ ತೆಗೆದುಬಿಡಿ. ಮೂರು ಸಿಗದಿದ್ದರೆ ಎರಡೇ ಸಾಕು. ನಾಲ್ಕು ಆಪ್ಷನ್ ಇರಲೇಬೇಕು ಎಂಬುದು ಪರೀಕ್ಷಾ ಮಂಡಳಿಯ ನಿಯಮ, ನಮ್ಮದಲ್ಲ. ಒಂದು ಪ್ರಶ್ನೆಗೆ ಹದಿನೈದು ನಿಮಿಷ ಹಿಡಿಯುತ್ತದೆ. ಎಂಟಕ್ಕೆ ಎರಡು ಗಂಟೆ. ಶನಿವಾರ ರಾತ್ರಿ ಹನ್ನೊಂದಕ್ಕೆ ಕೂತು ಬರೆದ ಚೀಟಿಗಳನ್ನು ಭಾನುವಾರ ಬೆಳಿಗ್ಗೆ ನೋಡಿದರೆ ಗೊತ್ತಾಗುತ್ತಿತ್ತು, ಕೊನೆಯ ಆಪ್ಷನ್ ಯಾವಾಗಲೂ ‘ಮೇಲಿನ ಎಲ್ಲವೂ’.

ಕನ್ನಡದಲ್ಲಿ ಪ್ರಶ್ನೆ ಬರೆಯುವಾಗ ಇನ್ನೊಂದು ಮೋಸ ಇದೆ. ವಾಕ್ಯದ ಬಾಲವೇ ಉತ್ತರ ಹೇಳಿಬಿಡುತ್ತದೆ. ನಾಲ್ಕನೇ ಘಟಕದವಳ ಒಂದು ಚೀಟಿ: ‘ರಾಜ್ಯಪಾಲರನ್ನು ನೇಮಿಸುವವರು...’ ಆಪ್ಷನ್‌ಗಳು ಸಂಸತ್ತು, ವಿಧಾನಸಭೆ, ರಾಷ್ಟ್ರಪತಿ, ಸುಪ್ರೀಂ ಕೋರ್ಟ್. ‘ನೇಮಿಸುವವರು’ ಎಂದರೆ ಒಬ್ಬ ವ್ಯಕ್ತಿ. ನಾಲ್ಕರಲ್ಲಿ ವ್ಯಕ್ತಿ ಒಬ್ಬರೇ. ಸಂವಿಧಾನ ಓದದವರೂ ಸರಿ ಹೇಳುತ್ತಾರೆ ಅಲ್ವಾ? ಆಪ್ಷನ್‌ಗಳನ್ನು ರಾಷ್ಟ್ರಪತಿ, ಪ್ರಧಾನಮಂತ್ರಿ, ಮುಖ್ಯಮಂತ್ರಿ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂದು ಬದಲಿಸಿದ ಮೇಲೆ ಅದು ಪ್ರಶ್ನೆಯಾಯಿತು. ಇನ್ನೊಂದು ಚಾಳಿ, ಸರಿ ಉತ್ತರವನ್ನು ಎಲ್ಲಕ್ಕಿಂತ ಉದ್ದ ಬರೆಯುವುದು. ತಪ್ಪಾಗಬಾರದು ಎಂಬ ಹೆದರಿಕೆಗೆ ನಾವು ಸರಿ ಉತ್ತರಕ್ಕೆ ಮಾತ್ರ ‘ಆದರೆ’, ‘ಹೊರತುಪಡಿಸಿ’ ಎಲ್ಲ ಸೇರಿಸುತ್ತೇವೆ. ಎರಡನೇ ವಾರಕ್ಕೆ ನಮ್ಮಲ್ಲೊಬ್ಬ ಉದ್ದ ನೋಡಿಯೇ ಟಿಕ್ ಹಾಕುತ್ತಿದ್ದ, ಜಾಸ್ತಿ ಸಲ ಸರಿಯೂ ಆಗುತ್ತಿತ್ತು.

ಈಗ ಭಾನುವಾರದ ಕೂಟಕ್ಕೆ ಬರೋಣ. ಬೆಳಿಗ್ಗೆ ಏಳಕ್ಕೆ ಶುರು. ಹತ್ತರ ನಂತರ ಕೊಪ್ಪಳದ ಬೇಸಿಗೆಯಲ್ಲಿ ತಗಡಿನ ರೂಮಿನಲ್ಲಿ ಕೂತವರಿಗೇ ಗೊತ್ತು. ನಲವತ್ತೂ ಚೀಟಿಗಳನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಕಲಸುತ್ತಿದ್ದೆವು. ಘಟಕದ ಪ್ರಕಾರ ಕೇಳುತ್ತಿರಲಿಲ್ಲ. ‘ಈಗ ಮೂರನೇ ಘಟಕ’ ಎಂದು ಶುರು ಮಾಡಿದರೆ ಉತ್ತರ ಅರ್ಧ ಸಿಕ್ಕ ಹಾಗೆ. ಪರೀಕ್ಷೆಯಲ್ಲಿ ಪ್ರಶ್ನೆ ಯಾವ ಘಟಕದ್ದು ಎಂದು ಯಾರೂ ಕಿವಿಯಲ್ಲಿ ಹೇಳುವುದಿಲ್ಲ.

ಒಬ್ಬರು ಚೀಟಿ ಎತ್ತಿ ಪ್ರಶ್ನೆಯನ್ನಷ್ಟೇ ಓದುತ್ತಾರೆ, ಆಪ್ಷನ್ ಓದುವುದಿಲ್ಲ. ಇಪ್ಪತ್ತು ಸೆಕೆಂಡ್ ಎಲ್ಲರೂ ತಮ್ಮ ತಮ್ಮ ಹಾಳೆಯ ಮೇಲೆ ಉತ್ತರ ಬರೆಯಬೇಕು, ಗೊತ್ತಿಲ್ಲದಿದ್ದರೆ ಗೆರೆ ಎಳೆಯಬೇಕು. ಆಮೇಲೆ ಆಪ್ಷನ್ ಓದುವುದು, ಮತ್ತೊಮ್ಮೆ ಬರೆಯುವುದು. ಪ್ರಶ್ನೆ ಬರೆದವರು ಉತ್ತರಿಸುವಂತಿಲ್ಲ, ಮಾತಾಡುವಂತಿಲ್ಲ, ಮುಖದಲ್ಲೂ ತೋರಿಸುವಂತಿಲ್ಲ.

ಆಪ್ಷನ್ ಯಾಕೆ ಆಮೇಲೆ ಎಂಬುದಕ್ಕೆ ನನ್ನದೇ ಒಂದು ಚೀಟಿ ಸಾಕ್ಷಿ. 371ಜೆ ಬಂದದ್ದು 98ನೇ ತಿದ್ದುಪಡಿಯಿಂದ, ಆಗ ಅದರ ವ್ಯಾಪ್ತಿಯಲ್ಲಿದ್ದದ್ದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ಆರು ಜಿಲ್ಲೆ. ವಿಧಿಯಲ್ಲಿ ಈ ಭಾಗಕ್ಕೆ ಇರುವ ಹೆಸರು ಹೈದರಾಬಾದ್ ಕರ್ನಾಟಕ. ಇವುಗಳಲ್ಲಿ ನಿಜಾಮರ ಹೈದರಾಬಾದ್ ರಾಜ್ಯಕ್ಕೆ ಸೇರಿರದಿದ್ದ ಭಾಗ ಯಾವ ಜಿಲ್ಲೆಯದು ಎಂಬುದು ನನ್ನ ಪ್ರಶ್ನೆ. ಆಪ್ಷನ್ ಇಲ್ಲದೆ ಇಬ್ಬರು ಗೆರೆ ಎಳೆದರು. ಒಬ್ಬ ಯಾದಗಿರಿ ಎಂದು ಬರೆದ, ಹೊಸ ಜಿಲ್ಲೆ ಅಲ್ವಾ ಎಂದು. ಇನ್ನೊಬ್ಬಳು ಕೊಪ್ಪಳ ಎಂದಳು. ಆಮೇಲೆ ನಾನು ಕೊಟ್ಟಿದ್ದ ಬೀದರ್, ಕಲಬುರಗಿ, ರಾಯಚೂರು, ಬಳ್ಳಾರಿ ಎಂಬ ನಾಲ್ಕು ಆಪ್ಷನ್ ಓದಿದೆವು. ನಾಲ್ವರೂ ಬಳ್ಳಾರಿ ಎಂದರು. ನಾಲ್ಕಕ್ಕೆ ನಾಲ್ಕು ಸರಿ! ಆದರೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಉಳಿದ ಮೂರನ್ನು ಹೊಡೆದುಹಾಕಿ ಮಿಕ್ಕಿದ್ದನ್ನು ಹೇಳಿದ್ದರು. ಆಪ್ಷನ್ ಜೊತೆಗೇ ಓದಿದ್ದರೆ ಎಲ್ಲರಿಗೂ ಬರುತ್ತದೆ ಎಂದುಕೊಂಡು ಮುಂದೆ ಹೋಗುತ್ತಿದ್ದೆವು.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಆ ಪ್ರಶ್ನೆ ನಮ್ಮ ಪಠ್ಯದಲ್ಲಿ ಎಲ್ಲೂ ಇರಲಿಲ್ಲ. ನನ್ನ ಜಾಣತನ ತೋರಿಸಲು ಬರೆದದ್ದು. ಚೀಟಿಯ ಹಿಂದೆ ಪುಟದ ನಂಬರ್ ಇಲ್ಲದ್ದನ್ನು ನೋಡಿ ನಾಲ್ಕನೇ ಘಟಕದವಳು, ‘ಇದು ಯಾವ ಪುಟದಾಗ ಐತಿ ತೋರ್ಸಪ್ಪ’ ಎಂದಳು. ತೋರಿಸಲಾಗಲಿಲ್ಲ. ಚೀಟಿ ಹೊರಗೆ ಹೋಯಿತು. ಇಂಥ ಪ್ರಶ್ನೆ ಪ್ರತಿ ಗುಂಪಿನಲ್ಲೂ ಹುಟ್ಟುತ್ತದೆ, ಪುಟದ ನಂಬರಿನ ನಿಯಮ ಇರುವುದು ಅರ್ಧ ಅದಕ್ಕೇ.

ಉಳಿದರ್ಧಕ್ಕೂ ಕಾರಣ ನಾನೇ. ಘಟಕಗಳು ಕೈ ಬದಲಾಗುತ್ತಾ ಎರಡನೆಯದು ನನ್ನ ಪಾಲಿಗೆ ಬಂದ ವಾರ, ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದದ್ದು 42ನೇ ತಿದ್ದುಪಡಿ ಎಂದು ಒಂದು ಗೈಡಿನಲ್ಲಿ ಇದ್ದದ್ದನ್ನು ಹಾಗೇ ಇಳಿಸಿದ್ದೆ. ಸರಿ ಉತ್ತರ 44ನೇ ತಿದ್ದುಪಡಿ. ಈಗ ಅದು 300ಎ ವಿಧಿಯಲ್ಲಿ ಸಾಂವಿಧಾನಿಕ ಹಕ್ಕಾಗಿ ಮಾತ್ರ ಇದೆ. ಮೂವರು 44 ಎಂದು ಸರಿಯಾಗೇ ಬರೆದಿದ್ದರು. ನನ್ನ ಚೀಟಿಯ ಹಿಂದೆ 42 ಇದ್ದದ್ದಕ್ಕೆ ತಮ್ಮದನ್ನು ಹೊಡೆದುಹಾಕಿ ತಿದ್ದಿಕೊಂಡರು. ಒಂದು ವಾರ ಐದೂ ಜನ ತಪ್ಪನ್ನೇ ಗಟ್ಟಿ ಮಾಡಿಕೊಂಡೆವು. ಒಬ್ಬರು ತಪ್ಪು ಓದಿದರೆ ಒಬ್ಬರಿಗೆ ನಷ್ಟ, ತಪ್ಪು ಚೀಟಿ ಬರೆದರೆ ಎಲ್ಲರಿಗೂ. ಆಮೇಲಿಂದ ಗೈಡ್ ನೋಡಿ ಪ್ರಶ್ನೆ ಬರೆಯಬಹುದು, ಉತ್ತರ ಮಾತ್ರ ಪಠ್ಯಪುಸ್ತಕದಿಂದ ಅಥವಾ ಸಂವಿಧಾನದ ಪ್ರತಿಯಿಂದಲೇ ಎಂದು ನಿಯಮ ಮಾಡಿದೆವು.

ಆಪ್ಷನ್ ಓದಿದ ಮೇಲಿನ ಉತ್ತರಗಳನ್ನು ಎಣಿಸಿ, ನಾಲ್ವರಲ್ಲಿ ಎಷ್ಟು ಜನ ಸರಿ ಎಂಬುದನ್ನು ಚೀಟಿಯ ಮೂಲೆಯಲ್ಲಿ ಬರೆಯುತ್ತಿದ್ದೆವು. ಕೂಟದ ಉಳಿದ ಹೊತ್ತು ಹೇಗೆ ಖರ್ಚಾಗಬೇಕು ಎಂಬುದನ್ನು ಆ ಅಂಕಿಯೇ ಹೇಳುತ್ತದೆ. ನಾಲ್ಕೂ ಜನ ಆಪ್ಷನ್ ಇಲ್ಲದೆಯೇ ಸರಿ ಬರೆದಿದ್ದರೆ ಚೀಟಿ ಪಕ್ಕಕ್ಕೆ, ಅದರ ಬಗ್ಗೆ ಒಂದು ಮಾತೂ ಬೇಡ. ಯಾರೂ ಸರಿ ಇಲ್ಲದಿದ್ದರೆ ಮೊದಲು ಚೀಟಿಯನ್ನೇ ಅನುಮಾನಿಸಬೇಕು: ಪ್ರಶ್ನೆ ಅರ್ಥವಾಯಿತಾ, ಪುಟ ಸರಿ ಇದೆಯಾ? ಎಲ್ಲ ಸರಿ ಇದ್ದರೆ ಆ ಭಾಗವನ್ನು ಯಾರೂ ಓದಿಲ್ಲ ಎಂದರ್ಥ. ಅಲ್ಲಿ ಚರ್ಚೆ ಮಾಡಿ ಪ್ರಯೋಜನವಿಲ್ಲ, ಪುಸ್ತಕ ತೆಗೆದು ಓದಬೇಕು.

ಒಂದೋ ಎರಡೋ ಮೂರೋ ಸರಿ ಇರುವ ಚೀಟಿಗಳೇ ಬಂಗಾರ. ಹಾರ್ವರ್ಡಿನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದಲ್ಲಿ ತಮ್ಮ ದೊಡ್ಡ ತರಗತಿಗಳಲ್ಲಿ ಬಳಸಿದ ಪದ್ಧತಿಯಲ್ಲೂ ಇದೇ ತರ್ಕ ಇದೆ. ಸುಮಾರು ನೂರಕ್ಕೆ 30ರಿಂದ 70 ಜನ ಸರಿ ಹೇಳಿದ ಪ್ರಶ್ನೆಯನ್ನೇ ಅವರು ವಿದ್ಯಾರ್ಥಿಗಳ ನಡುವೆ ಚರ್ಚೆಗೆ ಬಿಡುತ್ತಿದ್ದರು. ಅದಕ್ಕಿಂತ ಕಡಿಮೆ ಇದ್ದರೆ ಒಬ್ಬರಿಗೊಬ್ಬರು ತಪ್ಪನ್ನೇ ಹೇಳಿಕೊಡುತ್ತಾರೆ. ಜಾಸ್ತಿ ಇದ್ದರೆ ಚರ್ಚೆಗೆ ಏನೂ ಉಳಿದಿರುವುದಿಲ್ಲ. ನಮ್ಮ ಲೆಕ್ಕದಲ್ಲಿ ಅಂಥ ಚೀಟಿ ಬಂದರೆ ಸರಿ ಬರೆದವರು ಮತ್ತು ತಪ್ಪು ಬರೆದವರು ಎದುರುಬದುರು ಕೂತು ಎರಡು ನಿಮಿಷ ವಾದ ಮಾಡಬೇಕು. ಯಾವುದು ಸರಿ ಎಂಬುದು ಆಗ ಇಬ್ಬರಿಗೂ ಗೊತ್ತಿರುವುದಿಲ್ಲ, ಚೀಟಿ ಎತ್ತಿದವರು ಮನಸ್ಸಿನಲ್ಲೇ ಎಣಿಸಿಕೊಂಡಿರುತ್ತಾರೆ. ಆಮೇಲೆ ಮತ್ತೊಮ್ಮೆ ಉತ್ತರ ಬರೆಯುವುದು. ಕೊನೆಗೆ ಚೀಟಿ ತಿರುಗಿಸುವುದು.

ಬರೆದವರು ಬಾಯಿ ಬಿಡಬಾರದು ಎಂಬ ನಿಯಮ ಇಲ್ಲಿ ಕಷ್ಟವಾಗುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನೆ ಕೂರುವುದು ನಮ್ಮ ಮೂರನೇ ಘಟಕದವಳಿಗಂತೂ ಹಿಂಸೆ. ಆದರೆ ಅವಳು ಬಾಯಿ ತೆರೆದ ಕ್ಷಣ ಉಳಿದವರು ಪೆನ್ನು ಕೆಳಗಿಟ್ಟು ತಲೆಯಾಡಿಸಲು ಶುರು ಮಾಡುತ್ತಾರೆ. ಮತ್ತೆ ಮೊದಲ ಭಾನುವಾರದ ಕಥೆಯೇ.

ವಾದ ಮಾಡುವಾಗ ಪ್ರಶ್ನೆಯ ತೂತೂ ಹೊರಗೆ ಬರುತ್ತದೆ. ರಾಷ್ಟ್ರಪತಿ ಆಳ್ವಿಕೆಯ ಅದೇ ಪ್ರಶ್ನೆಯಲ್ಲಿ ಎರಡನೇ ಘಟಕದವನು ಕೇಳಿದ: ‘ಆ ಎರಡು ತಿಂಗಳೊಳಗ ಲೋಕಸಭೆನೇ ವಿಸರ್ಜನೆ ಆಗಿಬಿಟ್ರ?’ ಪುಸ್ತಕ ತೆಗೆದೆವು. ಲೋಕಸಭೆ ಇಲ್ಲದಿದ್ದರೆ ರಾಜ್ಯಸಭೆ ಆ ಅವಧಿಯಲ್ಲಿ ಒಪ್ಪಿರಬೇಕು. ಹೊಸ ಲೋಕಸಭೆ ಮೊದಲ ಸಲ ಸೇರಿದ ದಿನದಿಂದ 30 ದಿನದೊಳಗೆ ಅದೂ ಒಪ್ಪಬೇಕು. ಅಂದರೆ ‘ಎರಡು ತಿಂಗಳು’ ಎಂಬ ಉತ್ತರ ಎಲ್ಲ ಸಂದರ್ಭಕ್ಕೂ ಸರಿಯಲ್ಲ. ಚೀಟಿಯಲ್ಲಿ ‘ಲೋಕಸಭೆ ವಿಸರ್ಜನೆಯಾಗಿಲ್ಲ ಎಂದುಕೊಳ್ಳಿ’ ಎಂದು ಒಂದು ಸಾಲು ಸೇರಿಸಿದೆವು. ಜೊತೆಗೆ ಹೊಸ ಪ್ರಶ್ನೆಯೊಂದು ಹುಟ್ಟಿತು.

ಹೊತ್ತಿನ ಲೆಕ್ಕ ಹೀಗೆ ಬರುತ್ತದೆ. ನಲವತ್ತು ಚೀಟಿಗೆ ಒಂದೊಂದು ನಿಮಿಷ ಹಿಡಿದರೆ ನಲವತ್ತು ನಿಮಿಷ. ಅವುಗಳಲ್ಲಿ ಹನ್ನೆರಡು, ಹದಿನೈದು ವಾದಕ್ಕೆ ಬರುತ್ತವೆ, ಅದಕ್ಕೆ ಮುಕ್ಕಾಲು ಗಂಟೆ. ನಡುವೆ ವಗ್ಗರಣಿ ಮಿರ್ಚಿಗೆ ಕಾಲು ಗಂಟೆ. ಮಿರ್ಚಿ ತಿನ್ನುವಾಗ ಚೀಟಿ ಮುಟ್ಟಬಾರದು ಎಂಬುದನ್ನು ಎಣ್ಣೆ ಹತ್ತಿದ ಮೇಲೆ ಕಲಿತೆವು. ಕೊನೆಯ ಹತ್ತು ನಿಮಿಷ ಪ್ರತಿಯೊಬ್ಬರೂ ತಾವು ತಪ್ಪಿದ್ದನ್ನು ತಮ್ಮ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆದುಕೊಳ್ಳುವುದು. ಬರೀ ಉತ್ತರವಲ್ಲ, ‘ಯಾವುದರ ಜೊತೆ ಕಲಸಿದೆ’ ಎಂಬುದು.

ಮುಂದಿನ ಭಾನುವಾರ ಹೊಸ ಚೀಟಿಗೆ ಮೊದಲು ಹಳೆಯ ಹತ್ತು ಚೀಟಿ, ವಾದವಾದವುಗಳಲ್ಲೇ. ಈ ಸಲ ಬರೆದವರೂ ಉತ್ತರಿಸಬೇಕು. ಒಂದು ವಾರದ ಅಂತರ ಬೇಕೇ ಬೇಕು. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳು ಒಂದು ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಪಾಠವನ್ನು ಒಮ್ಮೆ ಓದಿ, ಒಮ್ಮೆ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ ಪಾಠವೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಎರಡು ಸಲ ಓದಿದ ಪಾಠದಲ್ಲಿ ನೆನಪಿದ್ದದ್ದು ನೂರಕ್ಕೆ 42ರಷ್ಟು, ನೆನಪಿನಿಂದ ಬರೆದ ಪಾಠದಲ್ಲಿ 56ರಷ್ಟು. ಹಾಗಾಗಿ ಕೂಟ ಮುಗಿದ ತಕ್ಷಣ ‘ಎಲ್ಲ ಬಂತು’ ಅನ್ನಿಸಿದರೆ ಅದನ್ನು ನಂಬಬೇಡಿ. ಮೂರನೇ ಘಟಕದವಳೇ ತಾನು ಬರೆದ ಚೀಟಿಗೆ ವಾರದ ನಂತರ ತಪ್ಪು ಉತ್ತರ ಕೊಟ್ಟು, ‘ಇದನ್ನ ಬರದಾಕಿ ನಾನ ಏನ್ರಿ?’ ಎಂದು ಕೇಳಿದ್ದುಂಟು.

ಘಟಕಗಳು ವಾರಕ್ಕೊಮ್ಮೆ ಮುಂದಕ್ಕೆ ಸರಿಯುತ್ತವೆ. ಒಂದನೆಯದು ಬರೆದವನು ಎರಡಕ್ಕೆ, ಐದು ಬರೆದವನು ಒಂದಕ್ಕೆ. ಐದು ವಾರದಲ್ಲಿ ಎಲ್ಲರೂ ಎಲ್ಲ ಘಟಕಕ್ಕೂ ಪ್ರಶ್ನೆ ಬರೆದಿರುತ್ತಾರೆ. ಹೊಸಬರು ಹಿಂದಿನವರ ಚೀಟಿಗಳನ್ನು ನೋಡಿ, ಅಲ್ಲಿ ಜಾಸ್ತಿ ಜನ ತಪ್ಪಿದ ಉತ್ತರಗಳನ್ನೇ ತಮ್ಮ ಹೊಸ ಪ್ರಶ್ನೆಯ ಆಪ್ಷನ್ ಮಾಡಿಕೊಳ್ಳಬೇಕು. ನಾಲ್ಕನೇ ವಾರದ ಹೊತ್ತಿಗೆ ಆಪ್ಷನ್ ಕಲ್ಪಿಸಿಕೊಳ್ಳುವ ಕೆಲಸವೇ ಉಳಿಯುವುದಿಲ್ಲ, ನಮ್ಮದೇ ತಪ್ಪುಗಳು ಸಾಕಷ್ಟು ಇರುತ್ತವೆ. ಪರೀಕ್ಷೆಗೆ ಎರಡೇ ವಾರ ಇದ್ದರೆ ಪೂರ್ತಿ ಸುತ್ತು ಆಗುವುದಿಲ್ಲ. ಆಗ ಎರಡನೇ ವಾರ ನಿಮ್ಮ ಘಟಕ ಬಿಟ್ಟು, ಮೊದಲ ವಾರ ನೀವು ಅತಿ ಹೆಚ್ಚು ತಪ್ಪಿದ ಘಟಕಕ್ಕೆ ಬರೆಯಿರಿ. ಇಬ್ಬರಿಗೆ ಒಂದೇ ಘಟಕ ಬಂದರೂ ಚಿಂತೆಯಿಲ್ಲ.

ಈ ಪದ್ಧತಿಗೆ ಆಗದ ಕೆಲಸವೂ ಇದೆ. ‘ರಾಜ್ಯಪಾಲರ ಅಧಿಕಾರಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೆ ಚೀಟಿ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಕೂತು ಎರಡು ಪುಟ ಬರೆಯಬೇಕು, ಅಷ್ಟೇ. ನಾವು ಎಂಟರಲ್ಲಿ ಒಂದು ಚೀಟಿಯನ್ನು ಆಪ್ಷನ್ ಇಲ್ಲದ ‘ಯಾಕೆ’ ಪ್ರಶ್ನೆಗೆ ಮೀಸಲಿಟ್ಟೆವು. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ಹೈಕೋರ್ಟಿಗೂ ಹೋಗಬಹುದು, ನೇರವಾಗಿ ಸುಪ್ರೀಂ ಕೋರ್ಟಿಗೂ ಹೋಗಬಹುದು, ಹಾಗಿದ್ದಮೇಲೆ 226 ಮತ್ತು 32 ಎಂಬ ಎರಡು ವಿಧಿ ಯಾಕೆ? ಇಂಥವು. 226 ಮೂಲಭೂತ ಹಕ್ಕಿನ ಆಚೆಗಿನ ವಿಷಯಕ್ಕೂ ಅನ್ವಯಿಸುತ್ತದೆ, 32 ತಾನೇ ಒಂದು ಮೂಲಭೂತ ಹಕ್ಕು ಎಂಬುದನ್ನು ಎರಡು ವಾಕ್ಯದಲ್ಲಿ ಬರೆದರೆ ಸಾಕು. ದೊಡ್ಡ ಉತ್ತರಕ್ಕೆ ಅದು ಬೀಜವಾಗುತ್ತಿತ್ತು, ಬೆಳೆಯಲ್ಲ.

ಯಾರಾದರೂ ಊರಿಗೆ ಹೋಗಿ ಕೂಟಕ್ಕೆ ಬರದಿದ್ದರೂ ಅವರ ಎಂಟು ಚೀಟಿ ಬರಲೇಬೇಕಿತ್ತು. ಎರಡನೇ ಘಟಕದವನು ಒಮ್ಮೆ ಗಂಗಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ತಮ್ಮನ ಕೈಯಲ್ಲಿ ಲಕೋಟೆ ಕಳಿಸಿದ್ದ. ಐದನೇ ವಾರ ಮುಗಿದಾಗ ಡಬ್ಬಿಯಲ್ಲಿ ಮೂರು ಸಲ ಕೇಳಿದರೂ ಯಾರಾದರೊಬ್ಬರು ತಪ್ಪುತ್ತಲೇ ಇದ್ದ ಹದಿನಾಲ್ಕು ಚೀಟಿ ಉಳಿದಿದ್ದವು. ಪರೀಕ್ಷೆಯ ಹಿಂದಿನ ರಾತ್ರಿ ಅವುಗಳನ್ನು ಐದು ಪ್ರತಿ ಜೆರಾಕ್ಸ್ ಮಾಡಿಸಿ ಹಂಚಿಕೊಂಡೆವು. ಮನಿ ಬಿಲ್ಲಿನ 14 ದಿನದ ಚೀಟಿ ಅದರಲ್ಲಿ ಇರಲಿಲ್ಲ.